ಹತ್ತು ಬುಷ್‌ಗಳ ಕೆಲಸ, ಶೇಕಡಾ ನಲವತ್ತರ ಪೋಸ್ಟು

ದಾವಣಗೆರೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಹರಿಹರದ ಸಣ್ಣ ಮೆಷಿನ್ ಶಾಪ್‌ನಲ್ಲಿ ಇಂಟರ್ನ್‌ಶಿಪ್ ಮುಗಿಸಿದಳು. ವಿಟಿಯು ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಮುಗಿಸಿದ ಮೇಲೆ ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಹಾಕುವುದು ಈಗ ಅಷ್ಟೇ ಕಡ್ಡಾಯದಂತಾಗಿದೆ. ಅವಳು ಹಾಕಬೇಕೆಂದಿದ್ದ ಪೋಸ್ಟನ್ನು ಎಐ ಬರೆದುಕೊಟ್ಟಿತ್ತು. ಇಂಗ್ಲಿಷಿನಲ್ಲಿದ್ದ ಅದರ ಸಾರ ಹೀಗೆ: 'ಈ ಬೇಸಿಗೆ ನನ್ನ ಬದುಕಿನ ದಿಕ್ಕನ್ನೇ ಬದಲಿಸಿತು. ಇದು ಕೇವಲ ಇಂಟರ್ನ್‌ಶಿಪ್ ಅಲ್ಲ, ನಿಖರತೆ, ಛಲ ಮತ್ತು ನಾಯಕತ್ವದ ಪಯಣ. ಮುಂಚೂಣಿಯ ತಯಾರಿಕಾ ಘಟಕವೊಂದರಲ್ಲಿ ದತ್ತಾಂಶ ಆಧಾರಿತ ಗುಣಮಟ್ಟ ಸುಧಾರಣೆಯ ನೇತೃತ್ವ ವಹಿಸಿ, ತ್ಯಾಜ್ಯವನ್ನು ಶೇ 40ರಷ್ಟು ಇಳಿಸಿದೆ.' ಅದರ ಕೆಳಗೆ ಕಲಿತ ಮೂರು ಪಾಠಗಳು, ಒಂದು ರಾಕೆಟ್ ಚಿತ್ರ, ಕೊನೆಗೆ ಓದುಗರಿಗೆ ಒಂದು ಪ್ರಶ್ನೆ.

ಇಂಗ್ಲಿಷ್ ಸರಿಯಿದೆಯೇ ನೋಡಿ ಎಂದು ಅವಳು ನನಗೆ ಕಳಿಸಿದ್ದಳು. ಇಂಗ್ಲಿಷಿನಲ್ಲಿ ಒಂದೂ ತಪ್ಪಿರಲಿಲ್ಲ. ಶೇಕಡಾ ನಲವತ್ತು ಎಲ್ಲಿಂದ ಬಂತು ಎಂದು ಕೇಳಿದೆ. 'ಗೊತ್ತಿಲ್ಲ ಸರ್, ಅದೇ ಹಾಕ್ಕೊಂಡಿತ್ತು. ತೆಗೆದ್ರೆ ಪೋಸ್ಟ್ ಖಾಲಿ ಖಾಲಿ ಅನ್ನಿಸ್ತು, ಹಂಗೇ ಬಿಟ್ಟೆ' ಅಂದಳು.

ತೆಗೆದರೆ ಖಾಲಿ ಅನ್ನಿಸಿತು ಎಂಬ ಅವಳ ಮಾತಿನಲ್ಲೇ ಇಡೀ ತೊಂದರೆಯ ಮೂಲವಿದೆ. ಅವಳು ಎಐಗೆ ಕೊಟ್ಟದ್ದು ಒಂದೇ ಸಾಲು: ಸಿಎನ್‌ಸಿ ಶಾಪ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡಿದ್ದೇನೆ, ಲಿಂಕ್ಡ್‌ಇನ್‌ಗೆ ಪೋಸ್ಟ್ ಬರೆದುಕೊಡು. ಹರಿಹರದ ಆ ಶೆಡ್‌ನಲ್ಲಿ ಏನಾಯಿತೆಂಬುದು ಅದಕ್ಕೆ ಗೊತ್ತಿಲ್ಲ. ಇಂಥ ಸಾವಿರಾರು ಪೋಸ್ಟುಗಳಿಂದ ಕಲಿತ ಯಂತ್ರ ಅದು. ಒಂದು ಮಾತಿನ ನಂತರ ಯಾವ ಮಾತು ಬರುವ ಸಾಧ್ಯತೆ ಹೆಚ್ಚು ಎಂಬ ಅಂದಾಜಿನ ಮೇಲೆ ಬರೆಯುತ್ತದೆ. ಇಂಥ ಪೋಸ್ಟುಗಳಲ್ಲಿ ಒಬ್ಬರು ಏನನ್ನೋ ಮುನ್ನಡೆಸಿರುತ್ತಾರೆ, ಏನೋ ಶೇಕಡಾವಾರು ಇಳಿದಿರುತ್ತದೆ ಅಥವಾ ಏರಿರುತ್ತದೆ, ಪಾಠಗಳು ಮೂರಿರುತ್ತವೆ. ಹೇಳದೆ ಬಿಟ್ಟ ಜಾಗಗಳನ್ನೆಲ್ಲ ಅದು ಆ ವಾಡಿಕೆಯಿಂದ ತುಂಬಿತು. ಅದಕ್ಕೆ ಮೋಸ ಮಾಡುವ ಉದ್ದೇಶವೇನೂ ಇಲ್ಲ. ಆದರೆ ಪೋಸ್ಟಿನ ಮೇಲಿರುವುದು ಹುಡುಗಿಯ ಹೆಸರು ಮತ್ತು ಫೋಟೊ.

ಇಂಥ ಬರಹವನ್ನು ಸರಿಪಡಿಸಲು ಕೂತವರು ಸಾಮಾನ್ಯವಾಗಿ ಮೊದಲು ಪದಗಳಿಗೆ ಕೈ ಹಾಕುತ್ತಾರೆ. ರಾಕೆಟ್ ತೆಗೆಯುತ್ತಾರೆ, 'ಪಯಣ' ತೆಗೆಯುತ್ತಾರೆ, 'ಕೇವಲ ಇದಲ್ಲ, ಅದು' ಎಂಬ ಜೋಡಣೆಯನ್ನು ಮುರಿಯುತ್ತಾರೆ. ಇವೆಲ್ಲ ಯಂತ್ರದ ಬರಹವನ್ನು ಗುರುತಿಸಲು ನೆರವಾಗುವ ಲಕ್ಷಣಗಳು, ನಿಜ. ಆದರೆ ಅಷ್ಟನ್ನೇ ತೆಗೆದರೆ ಸುಳ್ಳು ಹಾಗೇ ಉಳಿಯುತ್ತದೆ, ಜೊತೆಗೆ ಅದನ್ನು ಹಿಡಿಯುವುದು ಇನ್ನಷ್ಟು ಕಷ್ಟವಾಗುತ್ತದೆ. 'ನೇತೃತ್ವ ವಹಿಸಿ ತ್ಯಾಜ್ಯ ಇಳಿಸಿದೆ' ಎಂಬ ವಾಕ್ಯವನ್ನು ಎಷ್ಟೇ ಸರಳ ಮಾಡಿದರೂ ಅದು ನಡೆಯದ ಸಂಗತಿಯನ್ನೇ ಹೇಳುತ್ತದೆ. ಆದ್ದರಿಂದ ನಾನು ಹೇಳಿದ್ದು, ಆ ಡ್ರಾಫ್ಟನ್ನು ಪಕ್ಕಕ್ಕಿಡು, ಅಲ್ಲಿ ಏನು ಮಾಡಿದೆ ಎಂದು ಬಾಯಲ್ಲಿ ಹೇಳು. ಫೋನಿನಲ್ಲಿ ರೆಕಾರ್ಡ್ ಹಾಕಿದೆವು. ಕನ್ನಡದಲ್ಲೇ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದಳು. ಜೊತೆಗೆ ಅವಳ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ನಮಗೆ ಬೇಕಾದ ಪೋಸ್ಟ್ ಇದ್ದದ್ದು ಅದರೊಳಗೆ.

ನಡೆದದ್ದು ಹೀಗೆ. ಆ ಶಾಪ್‌ನಲ್ಲಿ ಸಿಎನ್‌ಸಿ ಲೇತ್ ಮೇಲೆ ಉಕ್ಕಿನ ಬುಷ್ ಮಾಡುತ್ತಿದ್ದರು. ಒಳ ರಂಧ್ರದ, ಅಂದರೆ ಬೋರ್‌ನ ಅಳತೆ 40 ಮಿಲಿಮೀಟರ್, ಎಚ್7 ಟಾಲರೆನ್ಸ್. ಆ ಗಾತ್ರಕ್ಕೆ ಎಚ್7 ಎಂದರೆ ಬೋರ್ 40.000ಕ್ಕಿಂತ ಕಡಿಮೆ ಇರಕೂಡದು, 40.025 ಮಿಲಿಮೀಟರ್ ದಾಟಕೂಡದು. ಪರೀಕ್ಷೆಗೆ ಪ್ಲಗ್ ಗೇಜ್ ಇರುತ್ತದೆ: ಅದರ 'ಗೋ' ತುದಿ ಒಳಗೆ ಹೋಗಬೇಕು, 'ನೋ-ಗೋ' ತುದಿ ಹೋಗಬಾರದು. ಮೆಷಿನ್ ಹತ್ತಿರ ಗೋ ಸಲೀಸಾಗಿ ಹೋದ ಕೆಲವು ಪೀಸುಗಳು ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಗೋ ಗೇಜನ್ನೇ ಒಳಗೆ ಬಿಡುತ್ತಿರಲಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಬೋರ್ ಕಿರಿದಾದಂತೆ.

ಅಲ್ಲಿನ ಹಿರಿಯ ಆಪರೇಟರ್ ಕಾರಣವನ್ನು ಮೊದಲೇ ಹೇಳಿದ್ದರು: 'ಬಿಸಿ ಪೀಸ್ ಅಳತೆ ನಂಬಬಾರ್ದು ಕಣಮ್ಮ.' ಕತ್ತರಿಸುವಾಗ ಕೆಲಸದ ವಸ್ತು ಬಿಸಿಯಾಗುತ್ತದೆ, ಬಿಸಿಯಾದರೆ ಹಿಗ್ಗುತ್ತದೆ, ಬೋರ್ ಕೂಡ ಜೊತೆಗೇ ಹಿಗ್ಗುತ್ತದೆ. ಉಕ್ಕು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 40 ಮಿಲಿಮೀಟರಿನ ಬೋರ್ ಕೋಣೆಯ ಉಷ್ಣಾಂಶಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 9 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಒಟ್ಟು ಅವಕಾಶವೇ 25 ಮೈಕ್ರಾನ್ ಇರುವಲ್ಲಿ 9 ಎಂದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಬಿಸಿಯಲ್ಲಿ 40.006 ತೋರಿಸಿದ ಬೋರ್ ತಣಿದ ಮೇಲೆ 39.997ಕ್ಕೆ ಇಳಿದು ಗೋ ಗೇಜನ್ನು ತಡೆಯುತ್ತದೆ.

ಹುಡುಗಿ ಮಾಡಿದ ಕೆಲಸ ಇದನ್ನು ಅಳೆದು ತೋರಿಸಿದ್ದು. ಹತ್ತು ಬುಷ್‌ಗಳಿಗೆ ಪೇಂಟ್ ಮಾರ್ಕರ್‌ನಿಂದ ನಂಬರ್ ಬರೆದಳು. ಮೆಷಿನ್‌ನಿಂದ ತೆಗೆದ ಕೂಡಲೇ ಡಯಲ್ ಬೋರ್ ಗೇಜ್‌ನಲ್ಲಿ ಒಮ್ಮೆ, ಸರ್ಫೇಸ್ ಪ್ಲೇಟ್ ಮೇಲೆ ಒಂದು ಗಂಟೆ ಇಟ್ಟ ಮೇಲೆ ಇನ್ನೊಮ್ಮೆ ಅಳೆದು ಎರಡು ಕಾಲಂನಲ್ಲಿ ಬರೆದುಕೊಂಡಳು. ಮೊದಲ ದಿನದ ಅಳತೆಗಳೆಲ್ಲ ಹಾಳಾದವು. ಬೋರ್ ಗೇಜನ್ನು ರಂಧ್ರದೊಳಗೆ ಮೆಲ್ಲಗೆ ತೂಗಿ, ಮುಳ್ಳು ಹಿಂದಿರುಗುವ ಬಿಂದುವಿನ ಅಳತೆಯನ್ನು ಓದಬೇಕು. ಅವಳು ಗೇಜ್ ಓರೆಯಾಗಿದ್ದಾಗಲೇ ಓದಿದ್ದಳು, ಹಾಗಾಗಿ ಬೋರ್ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತಿತ್ತು. ಆಪರೇಟರ್ ಕೈ ಹಿಡಿದು ತೋರಿಸಿದ ಮೇಲೆ ಎರಡನೇ ದಿನ ಬೇರೆ ಹತ್ತು ಪೀಸ್ ಅಳೆದಳು. ಎಲ್ಲವೂ ತಣಿದ ಮೇಲೆ 7ರಿಂದ 10 ಮೈಕ್ರಾನ್ ಕಡಿಮೆಯಾಗಿದ್ದವು. ಬಿಸಿಯಲ್ಲಿ ಪಾಸಾಗಿದ್ದ ಹತ್ತರಲ್ಲಿ ಮೂರು ತಣಿದ ಮೇಲೆ ಗೋ ಗೇಜನ್ನು ಬಿಡಲಿಲ್ಲ. ಆ ಪಟ್ಟಿ ನೋಡಿದ ಸೂಪರ್‌ವೈಸರ್, ಬೋರ್ ಅನ್ನು ಕೆಳ ಅಂಚಿಗೆ ಹಿಡಿಯದೆ ಅವಕಾಶದ ಮಧ್ಯಕ್ಕೆ ಸೆಟ್ ಮಾಡಲು ಹೇಳಿದರು.

ಇಷ್ಟು ಹೇಳಿ ಮುಗಿಸಿ ಅವಳು, 'ನಾನು ಬರೀ ಅಳೆದು ಬರ್ಕೊಂಡೆ ಸರ್, ಅಷ್ಟೇ. ಇದನ್ನೇನು ಪೋಸ್ಟ್ ಹಾಕೋದು' ಅಂದಳು. ನನಗಾದರೋ ಯಂತ್ರದ ಡ್ರಾಫ್ಟಿನ ಯಾವ ವಾಕ್ಯಕ್ಕಿಂತಲೂ ಇದು ಹೆಚ್ಚು ಬೆಲೆಯದೆನಿಸಿತು. ಒಂದೇ ಪೀಸನ್ನು ಎರಡು ಸಲ ಅಳೆದದ್ದರಲ್ಲಿ ಒಂದು ಜಾಣತನವಿದೆ. ಬೋರಿಂಗ್ ಇನ್ಸರ್ಟ್ ಸವೆದಂತೆಲ್ಲ ಬೋರ್ ತಾನಾಗಿಯೇ ಕಿರಿದಾಗುತ್ತಾ ಹೋಗುತ್ತದೆ. ಬೆಳಗಿನ ಪೀಸುಗಳನ್ನೂ ಸಂಜೆಯ ಪೀಸುಗಳನ್ನೂ ಹೋಲಿಸಿದ್ದರೆ ತಪ್ಪು ಸವೆತದ್ದೋ ಶಾಖದ್ದೋ ತಿಳಿಯುತ್ತಿರಲಿಲ್ಲ. ನಂಬರ್ ಬರೆದ ಅದೇ ಪೀಸು ಮೇಜಿನ ಮೇಲೆ ಕೂತು ಕಿರಿದಾದರೆ ಅಲ್ಲಿ ಇನ್ಸರ್ಟ್‌ಗೆ ಕೆಲಸವಿಲ್ಲ. ಉದ್ಯೋಗ ಕೊಡುವವರು ಹುಡುಕುವುದು ಇಂಥ ಬುದ್ಧಿಯನ್ನೇ, ಯಂತ್ರದ ಡ್ರಾಫ್ಟ್ ಅಳಿಸಿಹಾಕಿದ್ದೂ ಇದನ್ನೇ.

ಈಗ ಆ ಶೇಕಡಾ ನಲವತ್ತನ್ನು ಮತ್ತೆ ನೋಡಿ. ಬೋರ್ ಕಿರಿದಾದ ಬುಷ್ ತ್ಯಾಜ್ಯವೇ ಅಲ್ಲ. ಇನ್ನಷ್ಟು ಕತ್ತರಿಸಲು ಲೋಹ ಉಳಿದಿರುವುದರಿಂದ ಅದನ್ನು ಮತ್ತೆ ಚಕ್‌ಗೆ ಹಿಡಿದು ರೀವರ್ಕ್ ಮಾಡಬಹುದು. ಸಮಯ ಹಾಳು, ಸರಿಯಾಗಿ ಕೂರದಿದ್ದರೆ ರನ್-ಔಟ್ ಬರುವ ಭಯವೂ ಇದೆ, ಆದರೆ ಗುಜರಿಗೆ ಹೋಗುವುದಿಲ್ಲ. ಗುಜರಿಗೆ ಹೋಗುವುದು ಬೋರ್ ದೊಡ್ಡದಾದ ಪೀಸು. ಹಾಗಾಗಿ 'ತ್ಯಾಜ್ಯ ಇಳಿಸಿದೆ' ಎಂಬ ಮಾತು ಅಂಕಿ ಸುಳ್ಳು ಎಂಬ ಕಾರಣಕ್ಕೆ ಮಾತ್ರ ತಪ್ಪಲ್ಲ, ಈ ಕೆಲಸದಲ್ಲಿ ಅದು ಹೊಂದುವ ಮಾತೇ ಅಲ್ಲ. ಇದು ಕಾಲೇಜಿನ ಗೆಳೆಯರಿಗೆ ಗೊತ್ತಾಗದಿರಬಹುದು. ಆದರೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಬಂದು ಲೇತ್ ತಯಾರಿಸಲು ಶುರುಮಾಡಿದ ಊರು ಹರಿಹರ. ಆ ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಮೈಕ್ರಾನ್ ಲೆಕ್ಕ ಬಲ್ಲವರು ಈ ಸೀಮೆಯಲ್ಲಿದ್ದಾರೆ, ಲಿಂಕ್ಡ್‌ಇನ್‌ನಲ್ಲೂ ಇದ್ದಾರೆ. ಅಂಥವರೊಬ್ಬರು ಸಂದರ್ಶನದಲ್ಲಿ 'ಯಾವುದರ ಶೇಕಡಾ ನಲವತ್ತಮ್ಮ?' ಎಂದು ಒಂದೇ ಪ್ರಶ್ನೆ ಕೇಳಿದರೆ ಹುಡುಗಿ ಮಾಡಿದ ಒಳ್ಳೆಯ ಕೆಲಸವೂ ಅನುಮಾನಕ್ಕೆ ಒಳಗಾಗುತ್ತದೆ. ಸುಳ್ಳು ಅಂಕಿ ನಿಜವಾದ ಅಂಕಿಯನ್ನೂ ಹಾಳುಮಾಡುತ್ತದೆ ಎಂಬುದು ನನ್ನ ದೊಡ್ಡ ಆಕ್ಷೇಪ.

ಬರೆಯುವ ಮೊದಲು ನಾವು ಕ್ರಿಯಾಪದಗಳನ್ನು ಯಾರದ್ದು ಯಾವುದೆಂದು ಹಂಚಿದೆವು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಅವಳು ಮಾಡಿದ್ದು: ನಂಬರ್ ಹಾಕಿದೆ, ಅಳೆದೆ, ತಪ್ಪಾಗಿ ಅಳೆದೆ, ಮತ್ತೆ ಅಳೆದೆ, ಪಟ್ಟಿ ಮಾಡಿದೆ. ಆಪರೇಟರ್ ಮಾಡಿದ್ದು: ಕಾರಣ ಹೇಳಿದರು, ಗೇಜ್ ಹಿಡಿಯುವುದು ಕಲಿಸಿದರು. ಸೂಪರ್‌ವೈಸರ್ ಮಾಡಿದ್ದು: ನಿರ್ಧರಿಸಿದರು. ಹೀಗೆ ಬರೆದು ನೋಡಿದಾಗ 'ನೇತೃತ್ವ ವಹಿಸಿದೆ' ಎಂಬುದಕ್ಕೆ ಎಲ್ಲೂ ಜಾಗ ಉಳಿಯಲಿಲ್ಲ. ಆಮೇಲೆ ಅವಳಿಗೆ ಗೊತ್ತಿಲ್ಲದ್ದು ಏನೆಂದು ಕೇಳಿದೆ. ಹೊಸ ಸೆಟ್ಟಿಂಗ್ ಬಂದ ಮೇಲೆ ರೀವರ್ಕ್ ಎಷ್ಟು ಕಡಿಮೆಯಾಯಿತು? ಗೊತ್ತಿಲ್ಲ, ಅಷ್ಟರಲ್ಲಿ ಇಂಟರ್ನ್‌ಶಿಪ್ ಮುಗಿದಿತ್ತು. ಬೇರೆ ಮೆಷಿನ್‌ಗಳಲ್ಲೂ ಹೀಗೇ ಆಗುತ್ತದೆಯೇ? ನೋಡಿಲ್ಲ. ಈ ಎರಡು ಉತ್ತರಗಳೂ ಪೋಸ್ಟಿನೊಳಗೆ ಹೋಗಬೇಕೆಂದೆ. ಅವಳು ಸ್ವಲ್ಪ ಹಿಂಜರಿದಳು, ಗೊತ್ತಿಲ್ಲ ಅಂದರೆ ಯಾರು ಕೆಲಸ ಕೊಡುತ್ತಾರೆ ಎಂಬ ಅಳುಕು. ಅಳತೆಯ ಕೆಲಸದಲ್ಲಿ ಎಲ್ಲಿಯವರೆಗೆ ಅಳೆದಿದ್ದೇನೆ ಎಂದು ಹೇಳಬಲ್ಲವರ ಮಾತಿಗೇ ತೂಕ ಎಂದು ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಕೊನೆಗೆ ಅವಳೇ ಬರೆದದ್ದು, ಕನ್ನಡದಲ್ಲಿ, ಹೀಗಿದೆ:

'ಬಿಸಿಯಲ್ಲಿ ಪಾಸಾದ ಹತ್ತು ಬುಷ್‌ಗಳಲ್ಲಿ ಮೂರು, ತಣಿದ ಮೇಲೆ ಫೇಲಾದವು. ಹರಿಹರದ ಒಂದು ಮೆಷಿನ್ ಶಾಪ್‌ನಲ್ಲಿ ಇಂಟರ್ನ್‌ಶಿಪ್ ಮಾಡುವಾಗ ನಾನು ನೋಡಿದ್ದು ಇದು. ಬೋರ್ 40 ಮಿಲಿಮೀಟರ್, ಎಚ್7. ಮೆಷಿನ್ ಹತ್ತಿರ ಗೋ ಗೇಜ್ ಹೋಗುತ್ತಿದ್ದ ಕೆಲವು ಪೀಸುಗಳಲ್ಲಿ ಮರುದಿನ ಹೋಗುತ್ತಿರಲಿಲ್ಲ. ಪೀಸ್ ಬಿಸಿ ಇರುವಾಗ ಅಳೆಯುವುದೇ ಕಾರಣ ಎಂದು ನಮ್ಮ ಹಿರಿಯ ಆಪರೇಟರ್ ಮೊದಲೇ ಹೇಳಿದ್ದರು. ಅದು ಎಷ್ಟು ಮೈಕ್ರಾನ್ ಎಂದು ನೋಡುವ ಕೆಲಸ ನನಗೆ ಸಿಕ್ಕಿತು. ಹತ್ತು ಪೀಸುಗಳಿಗೆ ನಂಬರ್ ಹಾಕಿ, ತೆಗೆದ ಕೂಡಲೇ ಒಮ್ಮೆ, ಒಂದು ಗಂಟೆ ತಣಿಸಿ ಇನ್ನೊಮ್ಮೆ ಅಳೆದೆ. 7ರಿಂದ 10 ಮೈಕ್ರಾನ್ ವ್ಯತ್ಯಾಸ ಬಂತು. ಮೊದಲ ದಿನದ ಅಳತೆಗಳನ್ನು ಬಿಸಾಡಬೇಕಾಯಿತು, ಬೋರ್ ಗೇಜನ್ನು ಓರೆಯಾಗಿ ಹಿಡಿದು ಓದಿದ್ದೆ. ಪಟ್ಟಿ ನೋಡಿದ ಸೂಪರ್‌ವೈಸರ್ ಬೋರ್ ಸೆಟ್ಟಿಂಗನ್ನು ಅವಕಾಶದ ಮಧ್ಯಕ್ಕೆ ಬದಲಿಸಿದರು. ಅದರಿಂದ ರೀವರ್ಕ್ ಎಷ್ಟು ಇಳಿಯಿತೆಂದು ನನಗೆ ತಿಳಿದಿಲ್ಲ. ಒಂದೇ ಮೆಷಿನ್, ಒಂದೇ ದಿನದ ಅಳತೆ ಇದು. ಕ್ವಾಲಿಟಿ ವಿಭಾಗದಲ್ಲಿ ಕೆಲಸ ಹುಡುಕುತ್ತಿದ್ದೇನೆ.'

ಇದರಲ್ಲಿ ಕೆಲವು ಸಂಗತಿಗಳನ್ನು ಗಮನಿಸಿ. ಲಿಂಕ್ಡ್‌ಇನ್ ಪೋಸ್ಟಿಗೆ 3,000 ಅಕ್ಷರಗಳ ಮಿತಿಯಿದೆ, ಜಾಗಕ್ಕೆ ಕೊರತೆಯಿಲ್ಲ. ಆದರೆ ಮೊದಲ ಕೆಲವು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಅದಕ್ಕೇ ಯಂತ್ರದ ಡ್ರಾಫ್ಟುಗಳು 'ಬದುಕೇ ಬದಲಾಯಿತು' ಎಂಬಂಥ ಗಾಳದಿಂದ ಶುರುವಾಗುತ್ತವೆ. ಅದೇ ಜಾಗದಲ್ಲಿ ಅವಳು ನಿಜವಾದ ಅಂಕಿಯಿಟ್ಟಳು. ಹತ್ತರಲ್ಲಿ ಮೂರು ಎಂದೇ ಬರೆದಳು, ಶೇ 30 ಎಂದು ಬರೆಯಲಿಲ್ಲ. ಶೇ 30 ಎಂದರೆ ನೂರಾರು ಪೀಸು ಅಳೆದಂತೆ ಕೇಳಿಸುತ್ತದೆ. ಓದಿದವರಿಗೆ ಎಷ್ಟರಲ್ಲಿ ಎಷ್ಟು ಎಂಬುದು ಕಂಡರೆ ಅವರೇ ತೂಗಿ ನೋಡುತ್ತಾರೆ. ಪಾಠಗಳ ಪಟ್ಟಿ ಬೇಕಾಗಲಿಲ್ಲ, ಏಕೆಂದರೆ ಓರೆ ಹಿಡಿದ ಗೇಜಿನ ಸಾಲಿನಲ್ಲೇ ಅವಳು ಕಲಿತದ್ದು ಕಾಣುತ್ತದೆ. ಕೊನೆಯ ಪ್ರಶ್ನೆಯೂ ಹೋಯಿತು. ಅವಳಿಗೆ ನಿಜವಾಗಿ ಬೇಕಾದದ್ದು ಕೆಲಸ, ಅದನ್ನೇ ನೇರವಾಗಿ ಕೇಳಿದಳು.

ಪ್ರಾಮಾಣಿಕವಾಗಿ ಬರೆಯುವುದೆಂದರೆ ಎಲ್ಲವನ್ನೂ ಬಯಲಿಗಿಡುವುದಲ್ಲ. ಬುಷ್ ಯಾರಿಗೆ ಹೋಗುತ್ತದೆ, ಯಾವ ಯಂತ್ರದ್ದು ಎಂಬುದು ಶಾಪ್‌ನವರ ಗುಟ್ಟು, ಅದು ಪೋಸ್ಟಿನಲ್ಲಿಲ್ಲ. ಅವಳು ಹಾಕಬೇಕೆಂದಿದ್ದ ಫೋಟೊದಲ್ಲಿ ಹಿಂದಿನ ಬೋರ್ಡ್ ಮೇಲೆ ಡ್ರಾಯಿಂಗ್ ಕಾಣುತ್ತಿತ್ತು. ಸಣ್ಣ ಶಾಪ್‌ಗೆ ಗಿರಾಕಿಯ ಡ್ರಾಯಿಂಗ್ ಹೊರಬಿದ್ದರೆ ಆರ್ಡರ್ರೇ ಕೈತಪ್ಪಬಹುದು. ಫೋಟೊ ಬದಲಾಯಿತು, ಅಳತೆಗಳನ್ನು ಬರೆಯಲು ಮಾಲೀಕರ ಒಪ್ಪಿಗೆ ಕೇಳಿದಳು. ಯಂತ್ರದ ಡ್ರಾಫ್ಟ್ ಇದರ ಬಗ್ಗೆ ಎಚ್ಚರಿಸಿರಲಿಲ್ಲ. ಅದಕ್ಕೆ ಆ ಬೋರ್ಡ್ ಕಂಡಿರಲೂ ಇಲ್ಲ.

ಇಷ್ಟಾದ ಮೇಲೆ ಇಂಗ್ಲಿಷಿಗೆ ಬಂದೆವು, ಏಕೆಂದರೆ ಬೆಂಗಳೂರಿನ, ಪುಣೆಯ ಕಂಪನಿಗಳೂ ಓದಬೇಕು. ಅವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದಳು. ವ್ಯಾಕರಣ ತಿದ್ದಲು ಮಾತ್ರ ಎಐಗೆ ಕೊಟ್ಟಳು, ಹೊಸ ಸಂಗತಿ ಸೇರಿಸಬೇಡ ಎಂದು ಸ್ಪಷ್ಟವಾಗಿ ಹೇಳಿ. ಬಂದದ್ದನ್ನು ಕನ್ನಡದ ಬರಹದ ಪಕ್ಕ ಇಟ್ಟು ವಾಕ್ಯಕ್ಕೆ ವಾಕ್ಯ ಹೋಲಿಸಿದೆವು. ಹೇಳಿದ್ದರೂ ಎರಡು ಕಡೆ ಅದು ಜಾರಿತ್ತು. 'ಅಳೆದೆ' ಎಂಬುದು 'ವಿಶ್ಲೇಷಿಸಿದೆ' ಆಗಿತ್ತು. ರೀವರ್ಕ್ ಎಷ್ಟು ಇಳಿಯಿತೋ ತಿಳಿದಿಲ್ಲ ಎಂಬ ಸಾಲು, ಗಮನಾರ್ಹವಾಗಿ ಇಳಿಯುವ ನಿರೀಕ್ಷೆಯಿದೆ ಎಂದಾಗಿತ್ತು. ಎರಡನ್ನೂ ಹಿಂದಕ್ಕೆ ಬದಲಿಸಿದಳು. ಇಂಗ್ಲಿಷ್ ತಿದ್ದಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ಆ ನೆರವು ನಿಜಕ್ಕೂ ಬೇಕು. ಹೋಲಿಸಿ ನೋಡುವ ಕೆಲಸವನ್ನು ಮಾತ್ರ ಬಿಡಬಾರದು.

ಜನರೂ ಈ ಅಪಾಯವನ್ನು ಗುರುತಿಸುತ್ತಿದ್ದಾರೆ ಎನ್ನಲು ಒಂದು ಸುಳಿವಿದೆ. ಲಿಂಕ್ಡ್‌ಇನ್ ತಾನೇ ಪೋಸ್ಟ್ ಬರೆಯಲು ಎಐ ಸಲಹೆ ಕೊಡುವ ಸೌಲಭ್ಯ ತಂದಿತ್ತು. ಅದು ಅಂದುಕೊಂಡಷ್ಟು ಜನಪ್ರಿಯವಾಗಲಿಲ್ಲ ಎಂದು ಸಂಸ್ಥೆಯ ಆಗಿನ ಮುಖ್ಯಸ್ಥ ರಯಾನ್ ರೊಸ್ಲಾನ್ಸ್ಕಿ 2025ರಲ್ಲಿ ಒಪ್ಪಿಕೊಂಡರು. ಅವರು ಕೊಟ್ಟ ಕಾರಣ ಸರಳ: ಅಲ್ಲಿರುವುದು ಜನರ ರೆಸ್ಯೂಮೆ, ತಪ್ಪಾದರೆ ಪೆಟ್ಟು ದುಡಿಮೆಗೇ ಬೀಳುತ್ತದೆ.

ಪೋಸ್ಟ್ ಹಾಕುವ ಮೊದಲು ಅವಳು ಅದನ್ನು ಆ ಆಪರೇಟರ್‌ಗೆ ಫೋನಿನಲ್ಲಿ ಓದಿ ಹೇಳಿದಳು. ಅವರು ಒಂದು ಕಡೆ ತಡೆದರು: 'ಒಂದು ಗಂಟೆ ತಣಿಸಿದ್ದು ನಿನ್ನ ಅಳತೆಗಮ್ಮ. ನಾವು ದಿನಾ ಹಂಗೆ ಕಾಯಲ್ಲ, ಮಧ್ಯಕ್ಕೆ ಸೆಟ್ ಮಾಡ್ಕೊಂಡು ಓಡಿಸ್ತೀವಿ. ಓದಿದೋರು ತಪ್ಪು ತಿಳ್ಕೊಂಡಾರು.' ಅವಳು 'ನನ್ನ ಪರೀಕ್ಷೆಗಾಗಿ' ಎಂಬ ಮಾತನ್ನು ಆ ಸಾಲಿಗೆ ಸೇರಿಸಿದಳು.

ಇಂಟರ್ನ್‌ಶಿಪ್‌ಗೆ ಹೊರಟಿರುವ ದಾವಣಗೆರೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಎರಡೇ. ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಏನು ಅಳೆದಿರಿ, ಯಾರು ಹೇಳಿಕೊಟ್ಟರು ಎಂದು ಅಂದಂದೇ ಬರೆಯಿರಿ. ಪೋಸ್ಟ್ ಹಾಕುವ ಮೊದಲು ಪಕ್ಕದ ಮೆಷಿನ್‌ನಲ್ಲಿ ನಿಂತು ನಿಮ್ಮ ಕೆಲಸ ಕಂಡವರಿಗೆ ಅದನ್ನು ಓದಿ ಹೇಳಿ, ಅವರು ತಡೆದ ಸಾಲನ್ನು ತಿದ್ದಿ.